ಟಿಕ್ ಒತ್ತೋ ಕೈ ಉಗ್ರಾಣದ್ದೇ ಆಗ್ಲಿ

ಈಗ ಯಾರ ಮನೇಲಿ ಕಾರ್ಯ ನಡುದ್ರೂ ಫೋನ್‌ನಲ್ಲೊಂದು ಪಟ್ಟಿ ಇರ್ತದೆ. ಬೆಂಗಳೂರಲ್ಲಿರೊ ಮಕ್ಳು, ಮೈಸೂರಿನ ನಾದ್ನಿ, ಕೊಳ್ಳೇಗಾಲದ ಮೈದ, ಇಲ್ಲಿ ಕಾಮಗೆರೇಲಿರೊ ನಾವು, ಎಲ್ರೂವೆ ಅದ್ನೆ ನೋಡದು, ಎಲ್ರೂವೆ ಟಿಕ್ ಒತ್ತದು. ಪಟ್ಟಿ ಬ್ಯಾಡ ಅಂತ ನಾನೇಳಲ್ಲ. ಬಾಳೆಲೆ ಯಾರು ತತ್ತಾರೆ ಅಂತ ಹತ್ತು ಸಲ ಫೋನ್ ಮಾಡದು ತಪ್ತು. ಆದ್ರೆ ಸಿಕ್ಕಿದವ್ರೆಲ್ಲ ಟಿಕ್ ಒತ್ತದು ಮಾತ್ರ ಬ್ಯಾಡ ಕಣ್ರವ್ವಾ.

ನಮ್ಮನೆ ಹೊಸಮನೆ ಒಕ್ಕಲಿಗೆ ಹುಡುಗ್ರು ಗೂಗಲ್ ಕೀಪ್‌ನಲ್ಲಿ ಪಟ್ಟಿ ಮಾಡಿ ಒಂಬತ್ತು ಜನಕ್ಕೆ ಹಂಚಿದ್ರು. ಅದ್ರಲ್ಲಿ ‘ತೆಂಗಿನಕಾಯಿ 60’ ಅಂತ ಒಂದು ಸಾಲು. ಬೆಂಗಳೂರಿನ ಹುಡುಗ ಅಂಗಡಿಗೆ ಫೋನ್ ಮಾಡಿ ಹೇಳ್ಬುಟ್ಟು ಟಿಕ್ ಒತ್ತುದ್ದ. ಅವ್ನ ಲೆಕ್ಕದಲ್ಲಿ ಟಿಕ್ ಅಂದ್ರೆ ‘ಹೇಳಾಯ್ತು’. ಮೈದ ಮೊಸರಿಗೆ ಮುಂಗಡ ಕೊಟ್ಟು ಟಿಕ್ ಒತ್ತುದ್ರು, ಅವ್ರಿಗೆ ಅದು ‘ದುಡ್ಡು ಕೊಟ್ಟಾಯ್ತು’. ಅಡಿಗೆಮನೇಲಿ ನಿಂತಿರೊ ನಮಗೆ ಟಿಕ್ ಅಂದ್ರೆ ‘ಮನೆಗೆ ಬಂತು’. ಗುರುತು ಒಂದೆ, ಅರ್ಥ ಮೂರು.

ಕಾಯಿ ಬಂತು, 60ಕ್ಕೆ 60. ಆದ್ರೆ ಎಲ್ಲವೂ ಜುಟ್ಟು ತಗ್ದು ನುಣ್ಣಗೆ ಸುಲಿದಿದ್ದ ಕಾಯಿ. ಕಳಸಕ್ಕೆ ಜುಟ್ಟಿಲ್ದಿರೊ ಕಾಯಿ ಮಡಗಾಕಾಯ್ತದಾ? ಹಿಂದಿನ ರಾತ್ರಿ ಎಂಟು ಗಂಟೇಲಿ ಕಳಸದ ಸಾಮಾನು ಜೋಡ್ಸಕೆ ಕೂತಾಗ್ಲೆ ಅದು ಕಣ್ಣಿಗೆ ಬಿದ್ದಿದ್ದು. ಅಲ್ಲಿವರ್ಗೂ ಯಾರೂ ನೋಡ್ನಿಲ್ಲ. ಕೀಪ್‌ನಲ್ಲಿ ಟಿಕ್ ಬಿದ್ದ ಸಾಲು ಗೀಟು ಎಳುಸ್ಕೊಂಡು ಕೆಳಗಿಳ್ದು ಹೋಯ್ತದೆ. ಟಿಕ್ ಇಲ್ದಿದ್ರೆ ಹತ್ತು ಜನ ಕೇಳ್ತಾರೆ. ಸುಳ್ಳು ಟಿಕ್ ಬಿದ್ರೆ ಒಬ್ರೂ ಕೇಳಲ್ಲ. ಅದ್ಕೆ ತಪ್ಪು ಟಿಕ್ಕು ಮರ್ತು ಹೋಗದಕ್ಕಿಂತ ಕೆಟ್ಟದ್ದು ಅಂತೀನಿ ನಾನು.

ಹಿಂದ್ಲವ್ರು ಇದ್ಕೊಂದು ದಾರಿ ಮಾಡಿದ್ರು. ಮದ್ವೆ ಮನೇಲಿ ಉಗ್ರಾಣ ಅಂತ ಒಂದು ಕ್ವಾಣೆ, ಅದ್ಕೆ ಒಬ್ರು ಆಳು. ಯಾರೇ ಏನೇ ತಂದ್ರೂ ಅವ್ರ ಮುಂದೆ ಇಳುಸ್ಬೇಕು. ಅವ್ರು ಎಣ್ಸಿ, ಮುಟ್ಟಿ ನೋಡಿ, ಆಮೇಲೆ ಚೀಟೀಲಿ ಗೀಟು ಹಾಕೋರು. ತಂದವ್ರು ಗೀಟು ಹಾಕಂಗಿಲ್ಲ, ಇಸ್ಕೊಂಡವ್ರು ಹಾಕ್ಬೇಕು. ಫೋನ್ ಪಟ್ಟೀಲಿ ಈ ಉಗ್ರಾಣದವ್ರೇ ಕಾಣೆಯಾಗವ್ರೆ.

ಆದ್ರಿಂದ ನಾನೇಳದು ಇಷ್ಟೆ. ಪಟ್ಟಿ ಎಲ್ರೂ ನೋಡ್ಲಿ, ಹೊಸ ಸಾಲು ಎಲ್ರೂ ಸೇರುಸ್ಲಿ. ಅಂಗಡಿಗೆ ಹೇಳಾಗಿದ್ರೆ ಸಾಲಿನ ಕೊನೇಲಿ ‘ಹೇಳದೆ’ ಅಂತ ಬರೀಲಿ, ದುಡ್ಡು ಕೊಟ್ಟಿದ್ರೆ ಅದ್ನೂ ಬರೀಲಿ. ಟಿಕ್ ಮಾತ್ರ ಸಾಮಾನು ಕೈಗೆ ಬಂದ ಮ್ಯಾಲೆ, ಉಗ್ರಾಣದವ್ರೇ ಒತ್ಲಿ. ಪುರೋಹಿತ್ರು, ಶಾಮಿಯಾನ ಇಂಥವು ಉಗ್ರಾಣಕ್ಕೆ ಬರಲ್ಲ. ಅದ್ಕೆ ಆ ಸಾಲಿನ ಮುಂದೆ ಒಬ್ರ ಹೆಸ್ರು ಇರ್ಲಿ. ಪುರೋಹಿತ್ರು ಬಂದು ಕೂತ ಮ್ಯಾಲೆ ಅವ್ರು ಒತ್ಲಿ.

ಸಾಲನ್ನೂ ಸರ್ಯಾಗಿ ಒಡೀಬೇಕು. ‘ತೆಂಗಿನಕಾಯಿ 60’ ಅನ್ನದು ಒಂದು ಸಾಲಲ್ಲ, ಎರಡು: ‘ಜುಟ್ಟಿನ ಕಾಯಿ 11, ಪೂಜೆಗೆ’, ‘ಸುಲಿದ ಕಾಯಿ 49, ಅಡಿಗೆಗೆ’. ‘ತರಕಾರಿ’ ಅಂತ ಒಂದೇ ಮಾತು ಬರುದ್ರೆ, ಅರ್ಧ ತಂದವ್ರು ಏನು ಮಾಡ್ಬೇಕು? ಟಿಕ್ ಒತ್ತುದ್ರೂ ತಪ್ಪು, ಒತ್ತದಿದ್ರೂ ತಪ್ಪು. ಒಬ್ರು ಒಂದು ಕಡೆಯಿಂದ ಒಂದು ಸಲಕ್ಕೆ ತರೋದು ಎಷ್ಟೋ ಅಷ್ಟೇ ಒಂದು ಸಾಲು.

ನಮ್ಮ ಹುಡುಗ್ರು ಇದ್ಕೆ, ‘ದೊಡ್ಡಮ್ಮ, ಒಬ್ರ ಮ್ಯಾಲೇ ಭಾರ ಬೀಳ್ತದಲ್ಲ’ ಅಂದ್ರು. ಬೀಳ್ತದೆ, ನಿಜ. ಅದ್ಕೆ ಇಬ್ರು ಇರ್ಲಿ, ಒಬ್ರು ವತ್ತಾರೆ, ಒಬ್ರು ಸಂಜೆ. ಆದ್ರೆ ಒಂಬತ್ತು ಜನ ಬ್ಯಾಡ. ಕೀಪ್‌ನಲ್ಲಿ ಯಾರು ಟಿಕ್ ಒತ್ತುದ್ರು ಅಂತ ಹೆಸ್ರು ಬರಲ್ಲ, ಆಮೇಲೆ ಒಬ್ರ ಮಖ ಒಬ್ರು ನೋಡದೇ ಆಯ್ತದೆ. ಅಲ್ದೆ ಅದ್ರಲ್ಲಿ Delete checked items ಅಂತ ಒಂದು ಅದೆ. ಪಟ್ಟಿ ಚಂದ ಕಾಣ್ಲಿ ಅಂತ ಒಬ್ರು ಅದ್ನ ಒತ್ತುದ್ರೆ, ಟಿಕ್ ಆದ ಸಾಲೆಲ್ಲ ಎಲ್ರ ಫೋನ್‌ನಿಂದ್ಲೂ ಹೋಯ್ತದೆ. ಆಮೇಲೆ ಲೆಕ್ಕ ತಾಳೆ ನೋಡಕೆ ಏನೂ ಉಳಿಯಲ್ಲ. ಕಾರ್ಯ ಮುಗ್ದು ಪಾತ್ರೆ ವಾಪಸ್ ಕಳ್ಸೋವರ್ಗೂ ಅದ್ನ ಮುಟ್ಟಬಾರ್ದು. ದಾರೀಲಿ ಸಿಗ್ನಲ್ ಇಲ್ದಿದ್ದಾಗ ಒತ್ತಿದ ಟಿಕ್ಕು ಸಿಗ್ನಲ್ ಬಂದ ಮ್ಯಾಲೇ ಬೇರೆಯವ್ರಿಗೆ ಕಾಣದು, ಅದೂ ಗ್ಯಾನದಲ್ಲಿರ್ಲಿ.

ಇನ್ನೊಂದು ಮಾತು. ಜುಟ್ಟಿನ ಕಾಯಿ ಬೇರೆ ಬೇಕು ಅಂತ ಗೊತ್ತಿರೋ ನಮ್ಮತ್ತೆಯಂಥವ್ರ ಕೈಲಿ ಸ್ಮಾರ್ಟ್‌ಫೋನೇ ಇಲ್ಲ. ಅದ್ಕೆ ಕಾರ್ಯಕ್ಕೆ ಮೂರು ದಿನ ಇರೊವಾಗ ಒಬ್ರು ಕೂತ್ಕೊಂಡು ಪಟ್ಟೀನ ಒಂದೊಂದು ಸಾಲೂ ಗಟ್ಟಿಯಾಗಿ ಓದ್ಲಿ, ಟಿಕ್ ಆಗಿರೋದ್ನೂ ಸೇರ್ಸಿ. ಅವ್ರು ‘ಯಾವ ಕಾಯಿ ಮಗಾ?’ ಅಂತ ಒಂದು ಮಾತು ಕೇಳುದ್ರೆ ಸಾಕು, ಆ ಸಾಲು ಎರಡಾಗ್ಬೇಕು ಅಂತ ಎಲ್ರಿಗೂ ತಿಳೀತದೆ.