ಸಾರಿನ ಪುಡಿಯ ಪ್ರಚಾರಕ್ಕೆ ಎಲ್ಲಿ ಎಷ್ಟು?

ಸೋದರಿಯರೇ, ಮನೆಯಲ್ಲೇ ಸಾರಿನ ಪುಡಿ ಮಾಡಿ ಫೋನಿನ ಮೂಲಕ ಊರೂರಿಗೆ ಮಾರುವ ಪುಟ್ಟ ಉದ್ಯಮ ಶುರು ಮಾಡಿದ್ದೀರಿ ಎನ್ನಿ. ಈಗಿನವರು ಇದನ್ನೇ ಸ್ಟಾರ್ಟಪ್ ಅಂತಾರೆ. ಮೊದಲ ವರ್ಷದ ಪ್ರಚಾರಕ್ಕೆ 60,000 ರೂಪಾಯಿ ಎತ್ತಿಟ್ಟಿದ್ದೀರಿ. ಅದನ್ನು ಹೀಗೆ ಹಂಚಿ ನೋಡಿ: ಸ್ವಂತ ಪ್ರಯತ್ನಕ್ಕೆ 24,000, ಹಣ ಕೊಟ್ಟು ಹಾಕಿಸುವ ಜಾಹೀರಾತಿಗೆ 15,000, ರೀಲ್ಸ್ ಮಾಡುವವರ ಮೂಲಕ ಹೇಳಿಸುವುದಕ್ಕೆ 12,000. ಉಳಿದ 9,000 ಡಬ್ಬಿಯಲ್ಲೇ ಇರಲಿ.

ಮೊದಲ ಮೂರು ತಿಂಗಳು ಜಾಹೀರಾತಿಗೆ ಕೈ ಹಾಕಬೇಡಿ. ಒಳ್ಳೆಯ ಫೋಟೋ, ಪುಡಿ ಹುರಿಯುವ ಚಿಕ್ಕ ವೀಡಿಯೋ, ವಾಟ್ಸಾಪಿನಲ್ಲಿ ಬೆಲೆಪಟ್ಟಿ, ರುಚಿ ನೋಡಲು ಸಣ್ಣ ಪೊಟ್ಟಣ, ಇಷ್ಟೇ ಸಾಕು. ಕೊಂಡವರ ಹೆಸರು, ತಾರೀಖನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹತ್ತು ಮಂದಿಯಲ್ಲಿ ಎಷ್ಟು ಜನ ಮತ್ತೆ ಕೇಳಿದರು ಎನ್ನುವುದೇ ಮುಂದಿನ ಖರ್ಚಿಗೆಲ್ಲ ಅಳತೆಗೋಲು.

ಹೇಗೆ ಅಂತೀರಾ? ಪೊಟ್ಟಣದ ಬೆಲೆ 300. ಸಾಮಾನು, ಪ್ಯಾಕಿಂಗ್, ಕೊರಿಯರ್ ಎಲ್ಲ ಕಳೆದರೆ ಉಳಿಯುವುದು 120. ಹತ್ತರಲ್ಲಿ ನಾಲ್ವರು ಇನ್ನೊಮ್ಮೆ ಕೊಂಡರೆ ಒಟ್ಟು 14 ಪೊಟ್ಟಣ, ಅಂದರೆ ತಲೆಗೆ 168 ಉಳಿಯಿತು. ಒಬ್ಬರೇ ಮರಳಿ ಬಂದರೆ ಬರೀ 132. ಹೊಸ ಗಿರಾಕಿಯನ್ನು ತರಲು ಇದಕ್ಕಿಂತ ಹೆಚ್ಚು ಖರ್ಚಾದರೆ ಕೈಯಿಂದ ಹೋದಂತೆ.

ನಾಲ್ಕನೇ ತಿಂಗಳು ಜಾಹೀರಾತು. ದಿನಕ್ಕೆ 200ರಂತೆ ಹತ್ತು ದಿನ ಹಾಕಿ. 2,000ದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 2,360 ಆಗುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಹೊಸದಾಗಿ 16 ಮಂದಿ ಕೊಂಡರೆ ತಲೆಗೆ ಸುಮಾರು 148 ಬಿತ್ತು. ನಾಲ್ವರು ಮರಳುವ ಪುಡಿಯಾದರೆ ಮುಂದುವರಿಸಿ. ಒಬ್ಬರೇ ಮರಳುವುದಾದರೆ ನಿಲ್ಲಿಸಿ, ಮೊದಲು ಪುಡಿಯ ಹದ ನೋಡಿ. ಲೈಕುಗಳನ್ನು ಎಣಿಸಬೇಡಿ, ಅದರಿಂದ ಕೊತ್ತಂಬರಿ ಬೀಜವೂ ಬರೋದಿಲ್ಲ!

ರೀಲ್ಸ್‌ನವರಲ್ಲಿ ಲಕ್ಷ ಹಿಂಬಾಲಕರಿರುವ ಒಬ್ಬರಿಗೆ ಹಣವೆಲ್ಲ ಸುರಿಯುವುದಕ್ಕಿಂತ, ಅಡುಗೆಯನ್ನೇ ತೋರಿಸುವ ಮೂವರು ಸಣ್ಣವರನ್ನು ಹಿಡಿಯಿರಿ. ಅವರ ವೀಡಿಯೋ ಕೆಳಗೆ ಹೆಂಗಸರು ಅಳತೆ, ವಿಧಾನ ಕೇಳುತ್ತಿದ್ದಾರೆಯೇ ನೋಡಿ. ಬರೀ ಹೂವಿನ ಚಿತ್ರಗಳೇ ತುಂಬಿದ್ದರೆ ಬೇಡ. ಒಬ್ಬೊಬ್ಬರಿಗೂ ಬೇರೆ ಬೇರೆ ಗುರುತಿನ ಪದ ಕೊಡಿ. ಗಿರಾಕಿ ಆ ಪದ ಹೇಳಿದರೆ ಯಾರಿಂದ ಬಂದರು ಎಂದು ತಿಳಿಯುತ್ತದೆ. ಒಬ್ಬರಿಗೆ 3,000 ಮತ್ತು ಎರಡು ಪೊಟ್ಟಣ ಕೊಟ್ಟರೆ ಖರ್ಚು 3,360. ಅವರಿಂದ 24 ಮಂದಿ ಬಂದರೆ ತಲೆಗೆ 140, ಎಂಟೇ ಮಂದಿಯಾದರೆ 420. ಮೊದಲಿನವರನ್ನು ಉಳಿಸಿಕೊಳ್ಳಿ, ಇನ್ನೊಬ್ಬರಿಗೆ ನಮಸ್ಕಾರ ಹೇಳಿ. ಗಿರಾಕಿಗೆ ರಿಯಾಯಿತಿ ಕೊಟ್ಟರೆ ಅದನ್ನೂ ಖರ್ಚಿಗೇ ಸೇರಿಸಿ. ಹಣವಾಗಲಿ, ಬಿಟ್ಟಿ ಪೊಟ್ಟಣವಾಗಲಿ ಪಡೆದವರು ಅದು ಜಾಹೀರಾತು ಎಂದು ವೀಡಿಯೋದಲ್ಲಿ ಹೇಳಲೇಬೇಕು, ಕೇಂದ್ರ ಸರ್ಕಾರದ 2023ರ ಸೂಚನೆಯಿದು.

ಡಬ್ಬಿಯ 9,000ವನ್ನು ಒಂಬತ್ತನೇ ತಿಂಗಳು ತೆಗೆಯಿರಿ. ಮೂರರಲ್ಲಿ ಯಾವುದು ಕಡಿಮೆ ಖರ್ಚಿನಲ್ಲಿ ಮರಳಿ ಬರುವ ಗಿರಾಕಿಯನ್ನು ತಂದಿತೋ, ಅದಕ್ಕೇ ಹಾಕಿ.