ಮೈನಸ್ ತಿಂದದ್ದು ನೆಟ್‌ವರ್ಕ್ ಅಲ್ಲ, ನಮ್ಮ ಸ್ಲೈಡು

1/5
ಮೊದಲನೇ ಫೋಟೋ ನೋಡಿ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ನೋಟ್‌ಬುಕ್ಕು, ಹೆಸರು ಮುಚ್ಚಿದ್ದೀನಿ. ಲೆಕ್ಕ ಇದು: 2x² − 7x + 3 = 0. ಅಪವರ್ತನದಿಂದ ಬಿಡಿಸಬೇಕು. ಮಧ್ಯಪದ ಒಡೆದು 2x² − 6x − x + 3 = 0 ಅಂತ ಸರಿಯಾಗೇ ಬರೆದಿದ್ದಾಳೆ. ಮುಂದಿನ ಸಾಲು 2x(x − 3) − 1(x − 3) = 0 ಆಗಬೇಕಿತ್ತು. ಅವಳು ಬರೆದಿರೋದು + 1(x − 3). ಹಾಗಾಗಿ ಉತ್ತರ x = 3 ಮತ್ತು 1/2 ಬರೋ ಬದಲು 3 ಮತ್ತು −1/2 ಬಂದಿದೆ.

"ಯಾಕಮ್ಮ ಪ್ಲಸ್ ಹಾಕ್ದೆ?" ಅಂದೆ. "ಸರ್, ನಿಮ್ ವಿಡಿಯೋದಲ್ಲಿ ಅಲ್ಲಿ ಏನೂ ಇರ್ಲಿಲ್ಲ. ಖಾಲಿ ಇತ್ತು, ಅದಕ್ಕೆ ಪ್ಲಸ್ ಅನ್ಕೊಂಡೆ" ಅಂದ್ಳು.

ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ನೋಡಿದ್ರೆ ಮೈನಸ್ ಚೆನ್ನಾಗೇ ಕಾಣ್ತಿದೆ. ಆಮೇಲೆ ಅವಳು ನೋಡೋ ಹಾಗೆ ನೋಡ್ದೆ: ಅಮ್ಮನ ಫೋನು, ನೆಟ್ಟಗೆ ಹಿಡಿದಿರೋದು, ಡೇಟಾ ಉಳಿಸೋಕೆ 240p. ಎರಡನೇ ಫೋಟೋ ಅದೇ ಸಾಲು. ಮೈನಸ್ ಎಲ್ಲಿದೆ ಅಂತ ನೀವೇ ಹುಡುಕಿ.

2/5
ಈ ಮಾತು ತೆಗೆದ್ರೆ ಸ್ಟಾಫ್ ರೂಮಿನಲ್ಲಿ ಒಂದೇ ಉತ್ತರ. "ನಾನು ಫುಲ್ ಎಚ್‌ಡಿಯಲ್ಲೇ ರೆಕಾರ್ಡ್ ಮಾಡಿದೀನಿ, ಅವರ ನೆಟ್‌ವರ್ಕ್ ಸರಿ ಇಲ್ಲ." ಕ್ಷಮಿಸಿ ಮೇಷ್ಟ್ರೇ, ಇದು ಜಾರಿಕೊಳ್ಳೋ ಮಾತು. ಲೆಕ್ಕದ ಮೇಷ್ಟ್ರಾಗಿ ಒಂದು ಸಣ್ಣ ಲೆಕ್ಕ ಹಾಕೋಣ.

ಪವರ್‌ಪಾಯಿಂಟಿನ ಅಗಲದ ಸ್ಲೈಡು 540 ಪಾಯಿಂಟ್ ಎತ್ತರ. ನನ್ನ ಅಕ್ಷರ 18 ಪಾಯಿಂಟ್ ಇತ್ತು. ಅಂದ್ರೆ ಎತ್ತರದ ಮೂವತ್ತರಲ್ಲಿ ಒಂದು ಭಾಗ. ಆರೂವರೆ ಇಂಚಿನ ಫೋನನ್ನ ನೆಟ್ಟಗೆ ಹಿಡಿದ್ರೆ ವಿಡಿಯೋ ಚೌಕದ ಎತ್ತರ ನಾಲ್ಕು ಸೆಂಟಿಮೀಟರೂ ಇರಲ್ಲ. ಅದರ ಮೂವತ್ತರಲ್ಲೊಂದು ಅಂದ್ರೆ ಸುಮಾರು 1.3 ಮಿಲಿಮೀಟರ್. 12 ಪಾಯಿಂಟ್‌ನಲ್ಲಿ ಮುದ್ರಿಸಿದ ಪುಟದಲ್ಲಿ ಇದೇ ಅಳತೆ 4 ಮಿಲಿಮೀಟರಿಗಿಂತ ಜಾಸ್ತಿ.

ಇನ್ನು 240p ಅಂದ್ರೆ ಇಡೀ ಸ್ಲೈಡಿನ ಎತ್ತರಕ್ಕೆ ಸಿಗೋದು 240 ಚುಕ್ಕಿ. 18 ಪಾಯಿಂಟಿನ ಅಕ್ಷರದ ಪಾಲಿಗೆ 8 ಚುಕ್ಕಿ. ಮೈನಸ್ ಗೆರೆಯ ದಪ್ಪಕ್ಕೆ ಬರೋದು ಅರ್ಧ ಚುಕ್ಕಿ. ಅರ್ಧ ಚುಕ್ಕಿ ತೋರಿಸೋಕೆ ಆಗಲ್ಲ, ಅದು ತೆಳು ಬೂದಿ ಬಣ್ಣವಾಗಿ ಬಿಳಿಯಲ್ಲಿ ಕರಗಿ ಹೋಗುತ್ತೆ. ಎಚ್‌ಡಿ ಕ್ಯಾಮೆರಾ ತಂದ್ರೂ, ದುಬಾರಿ ಲ್ಯಾಪ್‌ಟಾಪ್ ತಂದ್ರೂ ಈ ಅರ್ಧ ಚುಕ್ಕಿ ಒಂದಾಗಲ್ಲ. ಅಕ್ಷರ ದೊಡ್ಡದು ಮಾಡಿದ್ರೆ ಮಾತ್ರ ಆಗುತ್ತೆ.

ಕನ್ನಡದಲ್ಲಿ ಬರೆಯೋರಿಗೆ ಇನ್ನೂ ಕಷ್ಟ. ನಮ್ಮ ಒತ್ತಕ್ಷರ ಮೇಲಿನ ಅಕ್ಷರಕ್ಕಿಂತ ಚಿಕ್ಕದು. ಸ್ಲೈಡು ಸಣ್ಣದಾದ್ರೆ ಮೊದಲು ಸಾಯೋದು ಅದೇ. "ಹಳ್ಳಿ" "ಹಳಿ" ಆಗುತ್ತೆ. ಸಾಲುಗಳು ಒತ್ತಾಗಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತೆ.

3/5
ಈಗ ನಾನು ಮಾಡಿದ್ದು. ಮೂರನೇ ಫೋಟೋ ಹಳೇ ಸ್ಲೈಡು: ಶೀರ್ಷಿಕೆ, ಶಾಲೆಯ ಹೆಸರು, ವಿಧಾನದ ವಿವರಣೆ, ಲೆಕ್ಕದ ಎಲ್ಲಾ ಹಂತ, ಕೆಳಗೆ ಬಲಮೂಲೆಯಲ್ಲಿ ನನ್ನ ಮುಖದ ದುಂಡು ಚಿತ್ರ. ಉತ್ತರದ ಸಾಲು ಅರ್ಧ ನನ್ನ ಗಲ್ಲದ ಕೆಳಗೆ! ಆ ಹುಡುಗಿ ತನ್ನ ಉತ್ತರ ತಾಳೆ ನೋಡೋಕೂ ಆಗ್ಲಿಲ್ಲ, ಯಾಕಂದ್ರೆ ಅಲ್ಲಿ ನಾನಿದ್ದೆ.

ನಾಲ್ಕನೇ ಫೋಟೋ ಹೊಸದು. ಬಿಳಿ ಹಿನ್ನೆಲೆ, 36 ಪಾಯಿಂಟ್, ದಪ್ಪಕ್ಷರ, ಸಾಲುಗಳ ನಡುವೆ ಧಾರಾಳ ಜಾಗ. ಹೀಗೆ ಇಟ್ರೆ ಒಂದು ಸ್ಲೈಡಿಗೆ ಆರು ಸಾಲು ಹಿಡಿಯುತ್ತೆ, ಈ ಲೆಕ್ಕಕ್ಕೆ ಅಷ್ಟು ಸಾಕು. ಶೀರ್ಷಿಕೆ ಮೊದಲ ಸ್ಲೈಡಿನಲ್ಲಿ ಮಾತ್ರ. ಮುಖ ತೆಗೆದೆ. ವಿವರಣೆಯ ಪ್ಯಾರಾನೂ ತೆಗೆದೆ, ಅದನ್ನ ಹೇಳೋಕೆ ಬಾಯಿ ಇದೆಯಲ್ಲ.

"ಹಾಗಾದ್ರೆ ಸ್ಲೈಡು ಜಾಸ್ತಿ ಆಗುತ್ತೆ" ಅಂತೀರಾ? ಆಗ್ಲಿ ಬಿಡಿ. ಸ್ಲೈಡಿಗೆ ಕಾಗದ ಖರ್ಚಾಗಲ್ಲ.

4/5
ಪೆನ್ನಿನ ವಿಷಯ. ನಾನು ಮಾತಾಡ್ತಾ ಮಾತಾಡ್ತಾ ಸಿಕ್ಕಸಿಕ್ಕಲ್ಲಿ ಸುತ್ತು ಹಾಕೋ ಜಾತಿ. ಲೆಕ್ಕ ಮುಗಿಯೋ ಹೊತ್ತಿಗೆ ಸ್ಲೈಡು ಮಕ್ಕಳು ಗೀಚಿದ ಗೋಡೆ ತರ ಇರ್ತಿತ್ತು. ಯಾವ ಗೆರೆ ಯಾವ ಮಾತಿಗೆ ಅಂತ ಯಾರಿಗೂ ತಿಳಿಯಲ್ಲ.

ಈಗ ಒಂದೇ ನಿಯಮ: ಪರದೆ ಮೇಲೆ ಒಂದು ಸಲಕ್ಕೆ ಒಂದೇ ಗುರುತು. ಈ ಲೆಕ್ಕದಲ್ಲಿ ಮಕ್ಕಳು ಎಡವೋದು −x + 3 ಇಂದ −1 ಹೊರಗೆ ತೆಗೆಯೋ ಜಾಗದಲ್ಲಿ. ಒಳಗಿನ +3 ಹೋಗಿ −3 ಆಗೋದು ಅಲ್ಲೇ. ಗುರುತು ಅಲ್ಲಿಗೆ ಮಾತ್ರ. ಸ್ಲೈಡ್ ಶೋ ನಡೀತಿರುವಾಗ Ctrl+P ಒತ್ತಿದ್ರೆ ಪೆನ್ನು ಬರುತ್ತೆ. −1 ಸುತ್ತ ಗೆರೆ ಎಳೀತೀನಿ, ಕೈ ತೆಗೀತೀನಿ, "ಇಲ್ಲಿ ಮೈನಸ್ ಹೊರಗೆ ಬಂತು, ಅದಕ್ಕೆ ಒಳಗೆ ಚಿಹ್ನೆ ಬದಲಾಯ್ತು" ಅಂತೀನಿ, ಎರಡು ಸೆಕೆಂಡ್ ಸುಮ್ಮನಿರ್ತೀನಿ. ಆಮೇಲೆ E ಒತ್ತಿದ್ರೆ ಗೀಚಿದ್ದೆಲ್ಲ ಅಳಿಸಿ ಹೋಗುತ್ತೆ.

ಕಪ್ಪು ಹಿನ್ನೆಲೆ ಮೇಲೆ ತೆಳು ಕೆಂಪು ಪೆನ್ನು ಚೆಂದ ಅನ್ನೋರಿಗೆ ಒಂದು ಮಾತು. ಸಾಮಾನ್ಯ ವಿಡಿಯೋ ಫೈಲು ಬೆಳಕಿನ ವಿವರ ಪೂರ್ತಿ ಇಟ್ಕೊಳುತ್ತೆ, ಬಣ್ಣದ ವಿವರವನ್ನ ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕೆ ಇಳಿಸುತ್ತೆ. ಕೆಂಪು ಕಪ್ಪಿನಿಂದ ಬೇರೆಯಾಗಿ ಕಾಣೋದು ಹೆಚ್ಚಾಗಿ ಬಣ್ಣದಿಂದ, ಬೆಳಕಿನಿಂದ ಅಲ್ಲ. ಅದಕ್ಕೇ ಆ ಗೆರೆ ಕದಡಿ ಹೋಗೋದು. ಬಿಳಿ ಮೇಲೆ ಕಡು ನೀಲಿ, ದಪ್ಪ ಗೆರೆ. ಮುಗೀತು.

5/5
ಕೊನೇದು ವೇಗ. "ಅರ್ಥ ಆಗ್ದಿದ್ರೆ ಪಾಸ್ ಮಾಡ್ಕೊಳ್ಲಿ" ಅಂತ ನಾನೂ ಹೇಳ್ತಿದ್ದೆ. ಒಂದು ಸಲ ಫೋನಿನಲ್ಲಿ ಪಾಸ್ ಮಾಡಿ ನೋಡಿ. ಎಷ್ಟೋ ಪ್ಲೇಯರ್‌ಗಳಲ್ಲಿ ಪರದೆ ಮಬ್ಬಾಗುತ್ತೆ, ಸರಿಯಾಗಿ ನಡುವೆ ದೊಡ್ಡ ಬಟನ್ ಬಂದು ಕೂರುತ್ತೆ. ಮಗು ನೋಡಬೇಕಾದ ಸಾಲೇ ಅದರ ಕೆಳಗೆ.

ನೋಟ್‌ಬುಕ್ ಹಿಡಿದು ನಾನೇ ಬರೆದು ನೋಡ್ದೆ. 2x² − 6x − x + 3 = 0 ಅನ್ನೋ ಸಾಲು ನೋಡಿ ಬರೆಯೋಕೆ ನನಗೇ ಹತ್ತಿರ ಹನ್ನೆರಡು ಸೆಕೆಂಡ್ ಬೇಕಾಯ್ತು. ಹಳೇ ವಿಡಿಯೋದಲ್ಲಿ ನಾನು ಆ ಸಾಲಿಗೆ ಕೊಟ್ಟಿದ್ದು ನಾಲ್ಕು. ಅದೂ ಎಲ್ಲಾ ಸಾಲು ಒಟ್ಟಿಗೆ ಪರದೆ ಮೇಲಿತ್ತು. ನಾನು ಎರಡನೇ ಸಾಲು ಓದ್ತಿದ್ರೆ ಮಕ್ಕಳ ಕಣ್ಣು ಉತ್ತರದ ಕಡೆ. ಈಗ ಒಂದೊಂದೇ ಸಾಲು ಬರೋ ಹಾಗೆ ಇಟ್ಟಿದ್ದೀನಿ. ಸಾಲು ಬರುತ್ತೆ, ಓದ್ತೀನಿ, ಕಾರಣ ಹೇಳ್ತೀನಿ, ಅಷ್ಟರಲ್ಲಿ ಅವರು ಬರೆದು ಮುಗಿಸ್ತಾರೆ. ನಾಲ್ಕು ನಿಮಿಷದ ವಿಡಿಯೋ ಆರಾಯ್ತು. ಬೇಗ ಬೇಕಾದೋರು ಒಂದೂವರೆ ಪಟ್ಟು ವೇಗದಲ್ಲಿ ನೋಡ್ಕೊಳ್ತಾರೆ. ಆದ್ರೆ ಕಾಣದ ಮೈನಸ್ಸನ್ನ ಯಾವ ವೇಗದಲ್ಲಿ ನೋಡಿದ್ರೂ ಕಾಣಲ್ಲ.

"ಫೋನ್ ಅಡ್ಡ ಹಿಡಿದು ನೋಡ್ಲಿ" ಅನ್ನೋದು ಒಪ್ಪುವ ಮಾತೇ. ಅಡ್ಡ ಹಿಡಿದ್ರೆ 18 ಪಾಯಿಂಟ್ ಅಕ್ಷರ 2.3 ಮಿಲಿಮೀಟರ್ ಆಗುತ್ತೆ. ಆದ್ರೆ 240p ಚುಕ್ಕಿ ಅಷ್ಟೇ ಇರುತ್ತೆ. ಕಾಣದಿರೋ ಮೈನಸ್ ಇನ್ನೂ ದೊಡ್ಡದಾಗಿ ಕಾಣದಿರುತ್ತೆ, ಅಷ್ಟೇ.

ಹಾಗಾಗಿ ವಿಡಿಯೋ ಹಾಕೋ ಎಲ್ಲಾ ಮೇಷ್ಟ್ರಿಗೆ, ಮೇಡಂಗಳಿಗೆ ಒಂದೇ ಕೋರಿಕೆ. ಹಾಕೋ ಮುಂಚೆ ನಿಮ್ಮ ವಿಡಿಯೋನ ಫೋನಿನಲ್ಲಿ, ನೆಟ್ಟಗೆ ಹಿಡಿದು, 240pಯಲ್ಲಿ, ನೋಟ್‌ಬುಕ್ ಪಕ್ಕದಲ್ಲಿಟ್ಟು ನೀವೇ ಒಂದು ಸಲ ಬರ್ಕೊಳ್ಳಿ. ಎಲ್ಲಿ ಊಹೆ ಮಾಡಿ ಬರೆದ್ರೋ, ಆ ಸ್ಲೈಡು ಮತ್ತೆ ಮಾಡಿ.

ಆ ಹುಡುಗಿಗೆ ಆ ಪರೀಕ್ಷೆಯಲ್ಲಿ ಹೋಗಿದ್ದು ಒಂದೂವರೆ ಅಂಕ. ಕೆಂಪು ಪೆನ್ನಿನಲ್ಲಿ ಅದನ್ನ ಕಳೆದವನೂ ನಾನೇ.

#ಲೆಕ್ಕದಮೇಷ್ಟ್ರು #ಕನ್ನಡದಲ್ಲಿಗಣಿತ #ಪಾಠದವಿಡಿಯೋ