ಅಧಿಕ ಮಾಸಕ್ಕೂ ಕೂರಿಗೆಗೂ ಏನ್ರೀ ಸಂಬಂಧ?

2023ರ ಜುಲೈ ಕೊನೆಗೆ ನಮ್ಮ ಹೊಲಕ್ಕೆ ತಡವಾಗಿ ಹದ ಸಿಕ್ಕಿತು. ನಾನು ತೊಗರಿ ಬಿತ್ತಿದೆ. ಬಾಜೂ ಹೊಲದ ಕಾಕಾ, "ಅಧಿಕ ಶ್ರಾವಣ ನಡದದ, ಕೂರಿಗೆ ಹೂಡಬಾರದು. ಮಳಿ ಕೆಟ್ಟದ್ದೂ ಅದರಿಂದಲೇ" ಅಂತ ಕೂತರು. ಹದ ಆರಿಹೋಯಿತು. ಕಾಕಾನ ಮೇಲೆ ನನಗೆ ಸಿಟ್ಟಿಲ್ಲ, ಆ ಮಾತಿನ ಮೇಲೆ ಇದೆ.

ಅಧಿಕ ಮಾಸ ಅಂದ್ರೆ ಲೆಕ್ಕ ಸರಿ ಮಾಡೋದು, ಅಷ್ಟೇ. ಚಂದ್ರನ 12 ತಿಂಗಳಿಗೆ 354 ದಿನ, ಸೂರ್ಯನ ವರ್ಷಕ್ಕೆ 365. ವರ್ಷಕ್ಕೆ 11 ದಿನ ಕಡಿಮೆ ಬೀಳುತ್ತೆ. ಹಾಗೇ ಬಿಟ್ಟರೆ ಯುಗಾದಿ ಹಿಂದೆ ಸರಿದು ಸರಿದು ಮಳೆಗಾಲಕ್ಕೂ ಬರ್ತಿತ್ತು. ರಂಜಾನ್, ಮೊಹರಂ ಎಲ್ಲಾ ಕಾಲದಲ್ಲೂ ಬರೋದು ಇದಕ್ಕೇ. ಅಲ್ಲಿ ತಿಂಗಳು ಸೇರಿಸೋದಿಲ್ಲ.

ವೇದಾಂಗ ಜ್ಯೋತಿಷದ ಕಾಲದವರು ಐದು ವರ್ಷಕ್ಕೆ ಎರಡು ತಿಂಗಳು ಸೇರಿಸಿದರು. ಅದು ಸ್ವಲ್ಪ ಜಾಸ್ತಿ ಆಯಿತು. ಐದು ವರ್ಷಕ್ಕೆ ಸುಮಾರು ನಾಲ್ಕೂವರೆ ದಿನ ಹೆಚ್ಚು, ಅಂದ್ರೆ ಮೂವತ್ತು ವರ್ಷ ದಾಟುವಷ್ಟರಲ್ಲಿ ಒಂದು ತಿಂಗಳೇ ತಪ್ಪು. ಆಮೇಲಿನವರು ಎಣಿಕೆ ಬಿಟ್ಟು ಆಕಾಶಕ್ಕೇ ಗಂಟು ಹಾಕಿದರು: ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ರಾಶಿ ದಾಟದಿದ್ದರೆ, ಅಂದ್ರೆ ಸಂಕ್ರಮಣ ಬರದಿದ್ದರೆ, ಆ ತಿಂಗಳು ಅಧಿಕ. ಮುಂದಿನ ತಿಂಗಳ ಹೆಸರೇ ಅದಕ್ಕೂ.

2023ನ್ನೇ ನೋಡ್ರಿ. ಕರ್ಕ ಸಂಕ್ರಮಣ ಜುಲೈ 17ರ ಬೆಳಗಿನ ಜಾವ ಆಯಿತು, ಅಮಾವಾಸ್ಯೆ ಮುಗಿದದ್ದು ಅದೇ ರಾತ್ರಿ. ಮುಂದಿನ ಅಮಾವಾಸ್ಯೆ ಆಗಸ್ಟ್ 16ಕ್ಕೆ ಮುಗಿಯಿತು, ಸಿಂಹ ಸಂಕ್ರಮಣ 17ಕ್ಕೆ ಬಂತು. ನಡುವಿನ ತಿಂಗಳಿಗೆ ಸಂಕ್ರಮಣವೇ ಇಲ್ಲ, ಹಾಗಾಗಿ ಅಧಿಕ ಶ್ರಾವಣ. 2023ರ ಮಾರ್ಚ್ 22ಕ್ಕೆ ಬಂದಿದ್ದ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಮರಳಿತು.

ಇದರಿಂದ ಬರ ಬರುತ್ತೆ ಅನ್ನೋರಿಗೆ ಒಂದು ಪ್ರಶ್ನೆ. 2020ರಲ್ಲಿ ಅಧಿಕ ಆಶ್ವಯುಜ ಅಕ್ಟೋಬರ್ 16ರ ತನಕ ಇತ್ತು. ಅದೇ ಹೊತ್ತಿಗೆ ಭೀಮಾ ಉಕ್ಕಿ ಕಲಬುರಗಿ ಕಡೆಯ ಹೊಲಗಳು ಮುಳುಗಿದವು. ಅದನ್ನೂ ಅಧಿಕ ಮಾಸವೇ ತಂದಿತಾ? ಬರ, ನೆರೆ ಎರಡಕ್ಕೂ ಕಾರಣ ಆಗೋದಾದರೆ ಅದು ಯಾವುದಕ್ಕೂ ಕಾರಣ ಅಲ್ಲ.

ನಮ್ಮ ಹಿರಿಯರು ಬಿತ್ತನೆಗೆ ಜ್ಯೇಷ್ಠ, ಆಷಾಢ ನೋಡಲಿಲ್ಲ. ರೋಹಿಣಿ, ಮೃಗಶಿರ, ಆರಿದ್ರಾ ಅಂತ ಮಳೆ ನಕ್ಷತ್ರ ನೋಡಿದರು. ಅದು ಸೂರ್ಯನ ಲೆಕ್ಕ. ಮೃಗಶಿರ ಪ್ರತಿ ವರ್ಷ ಜೂನ್ 7, 8ರ ಸುಮಾರಿಗೇ ಬರುತ್ತೆ. ಅದಕ್ಕೆ ಅಧಿಕ ಇಲ್ಲ, ನಿಜವೂ ಇಲ್ಲ. ಚಂದ್ರನ ತಿಂಗಳು ಜಾರುತ್ತೆ ಅಂತ ಗೊತ್ತಿದ್ದೇ ಅವರು ಅದನ್ನು ಹಬ್ಬಕ್ಕಿಟ್ಟು, ಸೂರ್ಯನನ್ನು ಹೊಲಕ್ಕಿಟ್ಟರು.

2026ರ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರ ತನಕ, ಸರಿಯಾಗಿ ರೋಹಿಣಿ, ಮೃಗಶಿರದ ಮೇಲೆ. ಮದುವೆ ಮುಂದಕ್ಕೆ ಹಾಕ್ರಿ, ಬೇಡ ಅನ್ನಲ್ಲ. ಹದ ಸಿಕ್ಕ ದಿನ ಮಾತ್ರ ಕೂರಿಗೆ ನಿಲ್ಲಿಸಬೇಡ್ರಿ.